ಆಗಲಿಲ್ಲ, ಮಾಡಲಿಲ್ಲ

ಅಂಕ ಯಾಕೆ ಕುಸಿಯಿತು ಅಂತ ಸ್ಕಾಲರ್‌ಶಿಪ್ ಕೊಡುವ ಟ್ರಸ್ಟಿಗೆ ಮೊದಲ ಸಲ ಬರೆದ ಪತ್ರ ಹೀಗೆ ಶುರುವಾಗಿತ್ತು: "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅತ್ಯಂತ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕಡು ಬಡ ರೈತ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗಳಾಗಿದ್ದು..."

ಎಂಟನೇ ಕ್ಲಾಸಿನಿಂದ ಅರ್ಜಿ ಬರೆದೂ ಬರೆದೂ ಕೈಗೆ ಕೂತ ಧಾಟಿ ಅದು. ರಜಾ ಅರ್ಜಿ, ಬಸ್ ಪಾಸ್ ಅರ್ಜಿ, ಜಾತಿ ಪ್ರಮಾಣಪತ್ರದ ಅರ್ಜಿ, ಎಲ್ಲದಕ್ಕೂ ಅದೇ. ಮೊದಲು ಕೈಮುಗಿ, ಆಮೇಲೆ ಅಳು, ಕೊನೆಗೆ "ತಮ್ಮ ವಿಧೇಯ". ಮಧ್ಯದಲ್ಲಿ ಕೆಲಸದ ವಿಷಯ ಒಂದು ಸಾಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ನಾನಾಗ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಮನೆ ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಬೆಂಗಳೂರಿನ ಒಂದು ಟ್ರಸ್ಟ್ ವರ್ಷಕ್ಕೆ ಎರಡು ಕಂತಿನಲ್ಲಿ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಷರತ್ತು ಒಂದೇ, ಸಿಜಿಪಿಎ 7.5ಕ್ಕಿಂತ ಕೆಳಗೆ ಇಳಿಯಬಾರದು. ಮೊದಲ ಸೆಮಿಸ್ಟರ್ 8.2, ಎರಡನೆಯದು 8.5. ಮೂರನೆಯದು 5.35. ಅದರಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಫೇಲು. ಮೂರೂ ಸೇರಿ ಸಿಜಿಪಿಎ 7.35ಕ್ಕೆ ಬಂತು. ಟ್ರಸ್ಟಿನಿಂದ ಪತ್ರ ಬಂತು: ಅಂಕ ಕುಸಿದಿರುವುದಕ್ಕೆ ಕಾರಣವನ್ನು 500 ಪದ ಮೀರದಂತೆ ವಿವರಿಸಿ, ಕನ್ನಡ ಅಥವಾ ಇಂಗ್ಲಿಷ್‌ನಲ್ಲಿ, ಜೊತೆಗೆ ಅಂಕಪಟ್ಟಿ ಮತ್ತು ಹಾಜರಾತಿ ಪ್ರತಿ ಲಗತ್ತಿಸಿ.

ಕಾರಣ ನನ್ನ ಹತ್ತಿರ ಇತ್ತು. ದೊಡ್ಡ ಕಾರಣ. ಆ ವರ್ಷ ದಸರಾ ಹೊತ್ತಿಗೆ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು. ನವೆಂಬರ್ 14ರಿಂದ ಕೀಮೋ, 21 ದಿನಕ್ಕೊಂದರಂತೆ ಆರು ಸಲ. ಇಷ್ಟು ಹೇಳಿದ ಮೇಲೆ ಯಾರು ತಾನೇ ಪ್ರಶ್ನೆ ಕೇಳುತ್ತಾರೆ? ಒಂದೂವರೆ ಪುಟ ಅದನ್ನೇ ಬರೆದೆ. ಅಮ್ಮನ ಕೂದಲು ಉದುರಿದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಕೂತಿದ್ದು, ಅಪ್ಪ ಹಸು ಮಾರಿದ್ದು. ಓದಿಕೊಂಡಾಗ ನನಗೇ ಕಣ್ಣೀರು ಬಂತು. ಒಳ್ಳೇ ಪತ್ರ ಅಂದುಕೊಂಡೆ.

ಸಂಜೆ ಮಾವ ಬಂದರು. ಅಮ್ಮನ ತಮ್ಮ. ಪಕ್ಕದ ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಇಪ್ಪತ್ತು ವರ್ಷ ಲೆಡ್ಜರ್ ಬರೆದ ಮನುಷ್ಯ. ಪತ್ರ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಹಾಜರಾತಿಯ ಹಾಳೆ ಕೇಳಿದರು.

"ಕೀಮೋ ಎಷ್ಟು ಸಲ ಪಾಪ?"

"ಆರು ಸಲ ಮಾವ."

"ನೀನು ಕಾಲೇಜಿಗೆ ಹೋಗ್ದೇ ಇದ್ದದ್ದು?"

"ಇಪ್ಪತ್ತೆರಡು ದಿನ."

"ಹಂಗಾದ್ರೆ ಮಿಕ್ಕಿದ ಹಾಲು ಎಲ್ಲಿಗೆ ಹೋಯ್ತು?"

ನನಗೆ ರೇಗಿತು. ಅಮ್ಮನ ಕಾಯಿಲೆಗೆ ಡೈರಿ ಲೆಕ್ಕ ಹಾಕುತ್ತಾರಲ್ಲ ಅಂತ. ಆದರೆ ಮಾವನಿಗೆ ಬೇರೆ ಥರ ಯೋಚಿಸೋಕೆ ಬರೋದೇ ಇಲ್ಲ. ಸೊಸೈಟಿಯಲ್ಲಿ ಜನ ಹಾಕಿದ ಹಾಲು ಒಂದು ಕಾಲಂ. ಕೂಲರಿನ ಹತ್ತಿರ ತೂಗಿದಾಗ ಬಂದದ್ದು ಇನ್ನೊಂದು ಕಾಲಂ. ಎರಡೂ ತಾಳೆ ಆಗದಿದ್ದರೆ ಆ ವ್ಯತ್ಯಾಸಕ್ಕೆ ಅವರೇ ಉತ್ತರ ಹೇಳಬೇಕು. "ಚೆಲ್ಲಿದ್ರೆ ಚೆಲ್ಲಿತು ಅಂತ ಬರೀತೀವಿ. ಚೆಲ್ಲಿದ್ದಕ್ಕೆ ಬೇಜಾರಾಗಲ್ಲ ಯಾರೂ. ಎಲ್ಲಿ ಹೋಯ್ತು ಅಂತಲೇ ಬರೀದಿದ್ರೆ ಆಡಿಟ್‌ನಲ್ಲಿ ಮಿಕ್ಕಿದ ಹದಿನೈದು ಪುಟಾನೂ ನಂಬಲ್ಲ."

ಆ ರಾತ್ರಿ ಹಾಳೆಯ ಮಧ್ಯೆ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಎಡಗಡೆ ಆಸ್ಪತ್ರೆಯ ತಾರೀಕು, ಬಲಗಡೆ ಕಾಲೇಜು ತಪ್ಪಿದ ತಾರೀಕು. ಇಲ್ಲಿಯವರೆಗೆ ಆ ಸೆಮಿಸ್ಟರ್ ನನ್ನ ತಲೆಯಲ್ಲಿ ಒಂದೇ ಮುದ್ದೆಯಾಗಿ ಕೂತಿತ್ತು. 'ಅಮ್ಮನಿಗೆ ಹುಷಾರಿಲ್ಲದ ಸೆಮಿಸ್ಟರ್', ಅಷ್ಟೇ. ತಾರೀಕು ಬರೆಯುತ್ತಾ ಹೋದಂತೆ ಮುದ್ದೆ ಒಡೆಯಿತು.

ಕೀಮೋ ಮಂಗಳವಾರ. ಹಿಂದಿನ ದಿನ, ಸೋಮವಾರ, ರಕ್ತ ಪರೀಕ್ಷೆ. ಬಿಳಿ ರಕ್ತಕಣ ಸಾಕಷ್ಟು ಇದ್ದರೆ ಮಾತ್ರ ಮಾರನೇ ದಿನ ಔಷಧಿ ಏರಿಸುತ್ತಾರೆ. ಹಾಗಾಗಿ ಪ್ರತಿ ಸಲ ಎರಡು ದಿನ. ಆರು ಸಲಕ್ಕೆ ಹನ್ನೆರಡು. ಆದರೆ ಮೂರನೇ ಸಲದ ಸೋಮವಾರ ಡಿಸೆಂಬರ್ 25, ಕ್ರಿಸ್‌ಮಸ್ ರಜೆ. ನಾಲ್ಕನೇ ಸಲದ ಸೋಮವಾರ ಜನವರಿ 15, ಸಂಕ್ರಾಂತಿ ರಜೆ. ಆ ಎರಡು ದಿನ ಕಾಲೇಜೇ ಇರಲಿಲ್ಲ. ಅಲ್ಲಿಗೆ ತಪ್ಪಿದ್ದು ಹತ್ತು. ಮೂರನೇ ಕೀಮೋ ಆದ ಎಂಟನೇ ದಿನ ಅಮ್ಮನಿಗೆ ಜ್ವರ ಬಂತು. ಔಷಧಿ ಏರಿಸಿದ ಮೇಲೆ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ರಕ್ತಕಣ ತುಂಬಾ ಇಳಿದಿರುತ್ತವೆ. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ ಅಂತ ಮೊದಲೇ ಹೇಳಿ ಕಳಿಸಿದ್ದರು. ಜನವರಿ 3ರಿಂದ 5, ಮೂರು ದಿನ ಅಡ್ಮಿಟ್. ಒಟ್ಟು ಹದಿಮೂರು.

ಎಡಗಡೆ ಅಲ್ಲಿಗೆ ಮುಗಿಯಿತು. ಬಲಗಡೆ ಇನ್ನೂ ಒಂಬತ್ತು ತಾರೀಕು ಒಂಟಿಯಾಗಿ ನಿಂತಿದ್ದವು.

ಅದರಲ್ಲಿ ನಾಲ್ಕಕ್ಕೆ ಉತ್ತರ ಇತ್ತು. ಜನವರಿ ಕೊನೆಗೆ ಮನೆಯಲ್ಲಿ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ಹುಳ ಪೊರೆ ಬಿಡೋದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ತಿನ್ನಲ್ಲ, ತಲೆ ಎತ್ತಿ ಸುಮ್ನೆ ಕೂತಿರುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹೋಗುವ ತನಕ ಒಂದು ವಾರ ಮಾತ್ರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳ ತಿನ್ನುವ ಸದ್ದು ರಾತ್ರಿ ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತೆ. ಆ ವಾರ ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ಸಣ್ಣದಾಗುತ್ತೆ, ಮಾರ್ಕೆಟ್ಟಿನಲ್ಲಿ ರೇಟು ಬೀಳುತ್ತೆ. ಪ್ರತಿ ಬೆಳೆಗೂ ಅಮ್ಮ ಸೊಪ್ಪು ಕೊಯ್ಯುತ್ತಿದ್ದಳು. ಆ ಸಲ ನಾನು ಕೊಯ್ದೆ. ಜನವರಿ 30ರಿಂದ ಫೆಬ್ರವರಿ 2, ನಾಲ್ಕು ದಿನ.

ಉಳಿದ ಐದು?

ಆ ಐದು ದಿನ ನಾನು ಬಸ್ ಹತ್ತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಇಳಿದಿದ್ದೆ. ಕಾಲೇಜಿನ ದಾರಿ ಹಿಡಿಯದೆ ಕಂದವಾರ ಕೆರೆ ಏರಿಯ ಮೇಲೆ ಹೋಗಿ ಕೂತಿದ್ದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಸಿದ ಮೇಲೆ ಆ ಕೆರೆಯಲ್ಲಿ ನೀರು ನಿಂತಿದೆ, ನಾನು ಚಿಕ್ಕವಳಿದ್ದಾಗ ಬರೀ ಜಾಲಿ ಇತ್ತು. ಟಿಫಿನ್ ಬಾಕ್ಸ್ ಅಲ್ಲೇ ಖಾಲಿ ಮಾಡಿ ಮೂರು ಗಂಟೆಗೆ ಎದ್ದು, ಕಾಲೇಜು ಬಿಟ್ಟ ಹೊತ್ತಿಗೆ ಸರಿಯಾಗಿ ಬಸ್ ಹತ್ತಿ ಮನೆಗೆ ಬರುತ್ತಿದ್ದೆ. ಅಮ್ಮ "ಇವತ್ತು ಏನು ಪಾಠ ಆಯ್ತು?" ಅಂತ ಕೇಳಿದರೆ ಏನೋ ಒಂದು ಹೇಳುತ್ತಿದ್ದೆ.

ಯಾಕೆ ಹೋಗಲಿಲ್ಲ? ಆಗ ಕೇಳಿದ್ದರೆ ಅಮ್ಮನ ಚಿಂತೆ ಅನ್ನುತ್ತಿದ್ದೆ. ತಾರೀಕು ಎದುರಿಗೆ ಇಟ್ಟುಕೊಂಡಾಗ ಅದು ನಿಲ್ಲಲಿಲ್ಲ. ಐದರಲ್ಲಿ ಎರಡು ದಿನ ಮೊದಲ ಇಂಟರ್ನಲ್ಸ್ ಆದ ಮಾರನೇ ವಾರದಲ್ಲಿದ್ದವು. ಇನ್ನೆರಡು ಇನ್ನೊಂದು ಟೆಸ್ಟಿನ ಅಂಕ ಹೇಳುವ ದಿನಗಳಲ್ಲಿ. ಅಮ್ಮನಿಗೆ ಆ ದಿನಗಳಲ್ಲಿ ಹುಷಾರಾಗೇ ಇತ್ತು. ಹುಷಾರಿಲ್ಲದೆ ಇದ್ದದ್ದು ನನ್ನ ನೆಟ್‌ವರ್ಕ್ ಅನಾಲಿಸಿಸ್.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ಪತ್ರ ನಿಂತದ್ದು ಇದರ ಮೇಲೆ. ಮೊದಲ ಇಂಟರ್ನಲ್ಸ್ ಡಿಸೆಂಬರ್ 5ಕ್ಕೆ ಶುರು. ಮೊದಲ ಪೇಪರ್ ನೆಟ್‌ವರ್ಕ್. ಅವತ್ತೇ ಎರಡನೇ ಕೀಮೋ. ನಾನು ಟೆಸ್ಟ್ ಬರೆಯಲಿಲ್ಲ. ಅದು ಕಾಯಿಲೆಯ ಲೆಕ್ಕಕ್ಕೆ ಸೇರಿದ್ದು, ಒಪ್ಪೋಣ. ಆದರೆ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಒಂದು ವಾರದೊಳಗೆ ಆಸ್ಪತ್ರೆ ಚೀಟಿ ತೋರಿಸಿದರೆ ಮತ್ತೊಮ್ಮೆ ಟೆಸ್ಟ್ ಕೊಡುತ್ತಿದ್ದರು. ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ತೋರಿಸಲಿಲ್ಲ. ತೋರಿಸಿದರೆ ಯಾರಿಗೆ, ಏನು, ಎಲ್ಲಿ ಅಂತ ಕೇಳುತ್ತಾರೆ, ಕ್ಲಾಸಿಗೆಲ್ಲ ಗೊತ್ತಾಗುತ್ತೆ, ಹಾಗೇ ಟ್ರಸ್ಟಿಗೂ ಗೊತ್ತಾಗಿ ದುಡ್ಡು ನಿಲ್ಲಿಸಿಬಿಡುತ್ತಾರೆ ಅಂತ ಭಯ. ಬುದ್ಧಿ ಇಲ್ಲದ ಭಯ ಅದು. ಟ್ರಸ್ಟಿನ ನಿಯಮದ ಹಾಳೆಯಲ್ಲೇ ಮನೆಯಲ್ಲಿ ದೊಡ್ಡ ತೊಂದರೆ ಆದರೆ ಮೊದಲೇ ತಿಳಿಸಿ ಅಂತ ಇತ್ತು. ನಾನು ಓದಿರಲಿಲ್ಲ. ಎರಡನೇ ಟೆಸ್ಟ್ ಬರೆದೆ, 25ಕ್ಕೆ 7. ಆಮೇಲೆ ಆ ಕ್ಲಾಸಿನಲ್ಲಿ ಕೂತರೆ ಬೋರ್ಡಿನ ಮೇಲೆ ಏನಿದೆ ಅಂತಲೇ ತಿಳಿಯುತ್ತಿರಲಿಲ್ಲ. ತಿಳಿಯದ ಕ್ಲಾಸಿಗೆ ಹೋಗೋದಕ್ಕಿಂತ ಕೆರೆ ಏರಿ ವಾಸಿ ಅನ್ನಿಸಿತು. ಸೆಮಿಸ್ಟರ್ ಪರೀಕ್ಷೆಯಲ್ಲಿ ಪಾಸಾಗೋಕೆ 35 ಬೇಕಿತ್ತು, 27 ಬಂತು.

ಕಾಯಿಲೆ ನನ್ನಿಂದ ಒಂದು ಟೆಸ್ಟ್ ಕಿತ್ತುಕೊಂಡಿತು. ಉಳಿದದ್ದನ್ನು ಬಚ್ಚಿಟ್ಟದ್ದು ಕಿತ್ತುಕೊಂಡಿತು.

ಎರಡನೇ ಸಲ ಬರೆಯಲು ಕೂತಾಗ ಮೊದಲ ಪತ್ರದಲ್ಲಿ ಒಂದು ವಿಚಿತ್ರ ಕಂಡಿತು. 'ಆಗಲಿಲ್ಲ' ಅನ್ನೋ ಪದ ಹನ್ನೊಂದು ಸಲ ಇತ್ತು. ಓದಲು ಆಗಲಿಲ್ಲ. ಟೆಸ್ಟ್ ಬರೆಯಲು ಆಗಲಿಲ್ಲ. ಮೇಡಂ ಹತ್ತಿರ ಮಾತಾಡಲು ಆಗಲಿಲ್ಲ. ಹಾಜರಾತಿ ಕಡಿಮೆಯಾಯಿತು, ಅಂಕ ಕಡಿಮೆಯಾದವು. ಎಲ್ಲ ತಾನಾಗೇ ಆಗಿಹೋದ ಹಾಗೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಾಗೆ. ಕನ್ನಡ ಈ ವಿಷಯದಲ್ಲಿ ತುಂಬಾ ಕರುಣೆಯ ಭಾಷೆ. ಲೋಟ ಬಿತ್ತು ಅನ್ನುತ್ತೇವೆ, ಬೀಳಿಸಿದೆ ಅನ್ನಲ್ಲ ಅಲ್ವಾ? ದಿನನಿತ್ಯದ ಮಾತಿಗೆ ಅದು ಚೆಂದ. ಈ ಥರದ ಪತ್ರದಲ್ಲಿ ಮಾತ್ರ ಅದೇ ಸುಳಿವು ಕೊಟ್ಟುಬಿಡುತ್ತೆ.

ಹನ್ನೊಂದಕ್ಕೂ ಗುಂಡು ಸುತ್ತಿ ಒಂದೊಂದಕ್ಕೂ ಕೇಳಿಕೊಂಡೆ, ನಿಜವಾಗಿ ಆಗಲಿಲ್ಲವಾ, ಇಲ್ಲ ಮಾಡಲಿಲ್ಲವಾ? ಡಿಸೆಂಬರ್ 5ರ ಟೆಸ್ಟ್ ಬರೆಯಲು ಆಗಲಿಲ್ಲ. ಅದು ನಿಜ, ಅಪ್ಪನಿಗೆ ಕನ್ನಡ ಓದೋಕೆ ಬರುತ್ತೆ, ಆದರೆ ಆಸ್ಪತ್ರೆಯ ಫಾರಂ ಇಂಗ್ಲಿಷಿನಲ್ಲಿರುತ್ತವೆ, ನಾನು ಅಲ್ಲಿ ಇರಲೇಬೇಕಿತ್ತು. ಮತ್ತೆ ಟೆಸ್ಟ್ ಕೇಳಲು ಆಗಲಿಲ್ಲ. ಸುಳ್ಳು. ಕೇಳಲಿಲ್ಲ. ರಾತ್ರಿ ಓದಲು ಆಗಲಿಲ್ಲ. ಅರ್ಧ ನಿಜ, ಕೀಮೋ ಆದ ಮೊದಲ ಮೂರು ರಾತ್ರಿ ಅಮ್ಮನಿಗೆ ವಾಂತಿ, ಆಗ ಆಗುತ್ತಿರಲಿಲ್ಲ. ಉಳಿದ ಹದಿನೆಂಟು ರಾತ್ರಿ ಆಗುತ್ತಿತ್ತು, ಫೋನ್ ನೋಡುತ್ತಿದ್ದೆ. ಹನ್ನೊಂದರಲ್ಲಿ ನಾಲ್ಕು 'ಆಗಲಿಲ್ಲ' ಉಳಿದವು. ಮಿಕ್ಕ ಏಳು 'ಮಾಡಲಿಲ್ಲ' ಆದವು. ಪತ್ರ ಅರ್ಧಕ್ಕರ್ಧ ಚಿಕ್ಕದಾಯಿತು.

ಮೂರನೇ ಸಲ ಬರೆದದ್ದು ಇನ್ನೊಂದು ಅತಿ. ತಪ್ಪು ಒಪ್ಪಿಕೊಳ್ಳುವ ಹುಮ್ಮಸ್ಸಿನಲ್ಲಿ ನಾನು ಬೇಜವಾಬ್ದಾರಿ, ಸೋಮಾರಿ, ನಿಮ್ಮ ನಂಬಿಕೆಗೆ ದ್ರೋಹ ಬಗೆದವಳು ಅಂತೆಲ್ಲ ಬರೆದಿದ್ದೆ. ಕಂದವಾರ ಕೆರೆಯ ವರ್ಣನೆಯೇ ಆರು ಸಾಲು. ಮಾವ ಓದಿ, "ಇದೂ ಅಳೋದೇ ಅಲ್ವಾ ಪಾಪ? ಮೊದಲನೇದರಲ್ಲಿ ಅಮ್ಮನ್ನ ತೋರಿಸಿ ಅಳ್ತಿದ್ದೆ, ಇದರಲ್ಲಿ ನಿನ್ನ ತೋರಿಸಿ ಅಳ್ತಿದ್ದೀಯ" ಅಂದರು. ನಿಜ. ಸೋಮಾರಿ ಅಂತ ಬರೆದರೆ ಓದುವವರಿಗೆ ಏನೂ ತಿಳಿಯಲ್ಲ. ಮತ್ತೆ ಟೆಸ್ಟ್ ಕೇಳಲಿಲ್ಲ ಅಂತ ಬರೆದರೆ ಏನಾಯಿತು ಅಂತ ತಿಳಿಯುತ್ತೆ. ಅದನ್ನು ಸರಿಮಾಡಬಹುದು ಅಂತಾನೂ ತಿಳಿಯುತ್ತೆ.

ಐದು ದಿನದ ವಿಷಯ ಬರೆಯಲೇಬೇಕಾ ಅನ್ನೋದು ಮಾತ್ರ ತುಂಬಾ ಕಾಡಿತು. ನನ್ನ ಗೆಳತಿ ಬೇಡವೇ ಬೇಡ ಅಂದಳು. "ಇಪ್ಪತ್ತೆರಡೂ ಆಸ್ಪತ್ರೆ ಅಂತ ಬರಿ, ಯಾರು ಎಣಿಸ್ತಾರೆ?" ಎಣಿಸುತ್ತಾರೋ ಇಲ್ಲವೋ, ಹಾಜರಾತಿ ಹಾಳೆ ಅದೇ ಕವರಿನಲ್ಲಿ ಹೋಗುತ್ತೆ. ಆಸ್ಪತ್ರೆಯ ತಾರೀಕೂ ಅದೇ ಕವರಿನಲ್ಲಿ ಹೋಗುತ್ತೆ. ಎರಡನ್ನೂ ಪಕ್ಕಪಕ್ಕ ಇಡೋಕೆ ಎರಡು ನಿಮಿಷ ಸಾಕು. ಕೊನೆಗೆ ಐದು ದಿನ ಬರೆದೆ, ಕೆರೆ ಬರೆಯಲಿಲ್ಲ. ಎಲ್ಲಿ ಕೂತಿದ್ದೆ ಅನ್ನೋದು ಅವರಿಗೆ ಬೇಕಿಲ್ಲ.

ಅಮ್ಮನ ವಿಷಯ ಎಷ್ಟು ಬರೀಬೇಕು ಅಂತ ಅಮ್ಮನನ್ನೇ ಕೇಳಿದೆ. ಅದನ್ನು ಮೊದಲೇ ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಆ ಹೆಸರು ಬಾಯಲ್ಲಿ ಆಡುತ್ತಿರಲಿಲ್ಲ, ಗಡ್ಡೆ ಅಂತಲೇ ಮಾತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾನ್ಸರ್ ಅಂತ ಬರಿ. ಯಾವ ಜಾಗ ಅಂತ ಬರೀಬೇಡ. ನನ್ನ ಕೂದಲಿನ ಕಥೆ ಯಾಕೆ ಅವರಿಗೆ?" ಅಂದಳು. ಹಾಗೇ ಮಾಡಿದೆ. ಇಲ್ಲೂ ಜಾಗ ಬರೆಯಲ್ಲ. ಲಗತ್ತಿಗೆ ಇಡೀ ಫೈಲ್ ಜೆರಾಕ್ಸ್ ಮಾಡಿಸಿಟ್ಟಿದ್ದೆ, ಬಯಾಪ್ಸಿ ರಿಪೋರ್ಟ್ ಸಮೇತ ಮೂವತ್ತಕ್ಕೂ ಜಾಸ್ತಿ ಹಾಳೆ. ಎರಡೇ ಹಾಳೆ ಇಟ್ಟೆ: ಕೀಮೋ ತಾರೀಕುಗಳಿದ್ದ ಕಾರ್ಡು, ಜನವರಿಯ ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟ. ಅವರಿಗೆ ಬೇಕಾದದ್ದು ಕಾಯಿಲೆ ಇತ್ತು ಅನ್ನೋದಕ್ಕೆ, ತಾರೀಕಿಗೆ ಸಾಕ್ಷಿ. ಗಡ್ಡೆಯ ಅಳತೆ ಅಲ್ಲ.

ಕೊನೆಗೆ ಟೈಪ್ ಮಾಡಿಸಿದ ಪತ್ರದ ಮುಖ್ಯ ಭಾಗ ಇದು:

"ಮೂರನೇ ಸೆಮಿಸ್ಟರಿನಲ್ಲಿ ನನ್ನ ಎಸ್‌ಜಿಪಿಎ 5.35. ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಫೇಲಾಗಿದ್ದೇನೆ. ಸಿಜಿಪಿಎ 7.35ಕ್ಕೆ ಇಳಿದಿದೆ, ನಿಮ್ಮ ಷರತ್ತಿಗಿಂತ ಕಡಿಮೆ.

ಆ ಸೆಮಿಸ್ಟರಿನಲ್ಲಿ ನನ್ನ ತಾಯಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯಿತು. ನವೆಂಬರ್ 14ರಿಂದ ಫೆಬ್ರವರಿ 27ರವರೆಗೆ 21 ದಿನಕ್ಕೊಮ್ಮೆ ಆರು ಕೀಮೋ, ಜನವರಿಯಲ್ಲಿ ಮೂರು ದಿನ ಅಡ್ಮಿಟ್. ಆಸ್ಪತ್ರೆಯ ಇಂಗ್ಲಿಷ್ ಫಾರಂ ನೋಡಿಕೊಳ್ಳಲು ಮನೆಯಲ್ಲಿ ಬೇರೆಯವರು ಇರಲಿಲ್ಲ. ತಪ್ಪಿದ 22 ದಿನಗಳಲ್ಲಿ 13 ಇದಕ್ಕೆ ಸೇರಿದವು. 4 ದಿನ ಮನೆಯ ರೇಷ್ಮೆ ಕೆಲಸಕ್ಕೆ ನಿಂತೆ. ಉಳಿದ 5 ದಿನಕ್ಕೆ ತಾಯಿಯ ಕಾಯಿಲೆ ಕಾರಣವಲ್ಲ. ಪಾಠದಲ್ಲಿ ಹಿಂದೆ ಬಿದ್ದಿದ್ದೆ, ಕ್ಲಾಸಿಗೆ ಹೋಗಲು ಹೆದರಿ ಹೋಗಲಿಲ್ಲ.

ಡಿಸೆಂಬರ್ 5ರ ಟೆಸ್ಟ್ ಕೀಮೋ ದಿನವೇ ಇತ್ತು, ಬರೆಯಲು ಆಗಲಿಲ್ಲ. ಮತ್ತೆ ಬರೆಯುವ ಅವಕಾಶ ಇತ್ತು, ನಾನು ಕೇಳಲಿಲ್ಲ. ಕಾಲೇಜಿಗೂ ನಿಮಗೂ ಮನೆಯ ಪರಿಸ್ಥಿತಿ ತಿಳಿಸಲಿಲ್ಲ."

ಇಷ್ಟಕ್ಕೆ ನಿಲ್ಲಿಸಿದ್ದರೆ ಬರೀ ಹಳೇ ಲೆಕ್ಕ. ಮುಂದಿನ ಸೆಮಿಸ್ಟರಿನಲ್ಲೂ ಹೀಗೇ ಆಗುತ್ತಾ ಅನ್ನೋದು ಸಮಿತಿಯ ನಿಜವಾದ ಪ್ರಶ್ನೆ. ಅದಕ್ಕೆ 'ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ' ಅನ್ನೋದು ಉತ್ತರ ಅಲ್ಲ. ನಾನು ಬರೆದದ್ದು ಇಷ್ಟು: ಏಪ್ರಿಲ್‌ನಲ್ಲಿ ರೇಡಿಯೇಷನ್ ಮುಗಿದಿದೆ, ಆಗ ಅಮ್ಮ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು, ನಾನು ಕ್ಲಾಸ್ ತಪ್ಪಿಸಲಿಲ್ಲ. ಇನ್ನು ಮೂರು ತಿಂಗಳಿಗೊಮ್ಮೆ ತಪಾಸಣೆ, ಅಂದರೆ ಒಂದು ಸೆಮಿಸ್ಟರಿಗೆ ಹೆಚ್ಚೆಂದರೆ ಎರಡು ದಿನ. ಅಪ್ಪ 200 ಮೊಟ್ಟೆ ರೇಷ್ಮೆ ಹುಳ ಸಾಕುತ್ತಿದ್ದ ಕಡೆ ಈಗ 100 ಮೊಟ್ಟೆ ಸಾಕುತ್ತಿದ್ದಾರೆ, ಸೊಪ್ಪು ಕೊಯ್ಯಲು ನಾನು ಬೇಕಾಗಲ್ಲ. ನಾಲ್ಕನೇ ಸೆಮಿಸ್ಟರಿನಲ್ಲಿ ಇಲ್ಲಿಯವರೆಗೆ ಆದ 30 ದಿನದಲ್ಲಿ 29 ದಿನ ಹಾಜರಿದ್ದೇನೆ, ಪ್ರತಿ ಲಗತ್ತಿಸಿದೆ. ವಿಭಾಗದ ಮುಖ್ಯಸ್ಥರಿಗೆ ಈಗ ವಿಷಯ ಗೊತ್ತಿದೆ.

ಆ ಕೊನೆಯ ಸಾಲಿಗೆ ಒಂದು ಹಿನ್ನೆಲೆ ಇದೆ. ನಮ್ಮಲ್ಲಿ ಹಾಜರಾತಿ ನೂರಕ್ಕೆ 85 ಇರಬೇಕು, ಸರಿಯಾದ ಕಾರಣ ಇದ್ದರೆ 75ರವರೆಗೆ ಕಂಡೋನ್ ಮಾಡುತ್ತಾರೆ. ತೊಂಬತ್ತು ದಿನದಲ್ಲಿ ಇಪ್ಪತ್ತೆರಡು ತಪ್ಪಿಸಿದ ನನಗೆ ಇದ್ದದ್ದು 75.6. ಇನ್ನೊಂದೇ ದಿನ ತಪ್ಪಿದ್ದರೆ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ. ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬಂದ ದಿನ ಬೇರೆ ದಾರಿ ಇಲ್ಲದೆ ಆಸ್ಪತ್ರೆ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಎಚ್‌ಒಡಿ ಮೇಡಂ ತಾರೀಕು ನೋಡಿ, "ನವೆಂಬರಿನಲ್ಲೇ ಯಾಕೆ ಹೇಳಲಿಲ್ಲಮ್ಮ?" ಅಂತಷ್ಟೇ ಕೇಳಿ ಸಹಿ ಹಾಕಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಕೇಳಿಕೊಳ್ಳೋದು ಏನು ಅನ್ನೋದರಲ್ಲೂ ಮಾವನ ಕೈ ಇದೆ. 'ದಯವಿಟ್ಟು ಸ್ಕಾಲರ್‌ಶಿಪ್ ಮುಂದುವರಿಸಿ' ಅಂತ ಇತ್ತು. "ಎಷ್ಟು ದಿನ? ಯಾವ ಲೆಕ್ಕದ ಮೇಲೆ?" ಅಂದರು. ಕೂತು ಲೆಕ್ಕ ಹಾಕಿದೆವು. ಸೆಮಿಸ್ಟರಿಗೆ 20 ಕ್ರೆಡಿಟ್. ಫೇಲಾದ ವಿಷಯ 4 ಕ್ರೆಡಿಟ್, ಫೇಲಾದರೆ ಅದಕ್ಕೆ ಸೊನ್ನೆ. ಬರೀ ಪಾಸಾದರೂ 4 ಪಾಯಿಂಟ್, ನಾಲ್ಕು ನಾಲ್ಕಲಿ ಹದಿನಾರು. ಹದಿನಾರನ್ನು 20ರಿಂದ ಭಾಗಿಸಿದರೆ 0.8. ಅಲ್ಲಿಗೆ 5.35 ಇದ್ದದ್ದು 6.15 ಆಗುತ್ತೆ, ಸಿಜಿಪಿಎ 7.62. ಷರತ್ತು ದಾಟಿತು! ಆ ಒಂದು ವಿಷಯ ಕಷ್ಟಪಟ್ಟು ಪಾಸಾದರೆ ಸಾಕು ಅಂತ ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. 5.35 ಅನ್ನೋ ಸಂಖ್ಯೆ ನೋಡಿಯೇ ಎಲ್ಲ ಮುಗಿಯಿತು ಅಂದುಕೊಂಡು ಕೂತಿದ್ದೆ.

ಹಾಗಾಗಿ ಕೊನೆಯ ಸಾಲು ಬದಲಾಯಿತು: "ಬ್ಯಾಕ್‌ಲಾಗ್ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದೇನೆ. ಅದರ ಫಲಿತಾಂಶ ಬರುವವರೆಗೆ ನನ್ನ ಮುಂದಿನ ಕಂತನ್ನು ತಡೆಹಿಡಿಯಿರಿ, ರದ್ದು ಮಾಡಬೇಡಿ. ಪಾಸಾದರೆ ಸಿಜಿಪಿಎ 7.62 ಆಗುತ್ತದೆ. ಪಾಸಾಗದಿದ್ದರೆ ನಿಮ್ಮ ನಿಯಮದಂತೆ ನಡೆಯಿರಿ." ಕೈಮುಗಿಯುವ ಸಾಲು ಒಂದೂ ಇರಲಿಲ್ಲ. ಹಾಗೆ ಬರೆದರೆ ಸೊಕ್ಕು ಅನ್ನಿಸುತ್ತಾ ಅಂತ ಅಪ್ಪನಿಗೆ ಭಯ. ಕೊನೆಗೆ ಅವರ ಸಮಾಧಾನಕ್ಕೆ "ವಂದನೆಗಳೊಂದಿಗೆ" ಸೇರಿಸಿದೆ.

ಅರ್ಧ ಕಂತು ಕೂಡಲೇ ಬಂತು, ಇನ್ನರ್ಧ ಫಲಿತಾಂಶದ ಮೇಲೆ. ಜೊತೆಗೆ ತಿಂಗಳಿಗೊಮ್ಮೆ ಹಾಜರಾತಿ ಕಳಿಸಿ ಅಂದರು, ಕಳಿಸಿದೆ. ನೆಟ್‌ವರ್ಕ್ ಪಾಸಾಯಿತು, ಭಾರೀ ಅಂಕವೇನಲ್ಲ.

ಕೆಲಸಕ್ಕೆ ಸೇರಿದ ಮೇಲೆ ಅದೇ ಟ್ರಸ್ಟಿನವರು ಹಳೇ ವಿದ್ಯಾರ್ಥಿಗಳನ್ನು ಅರ್ಜಿ ಓದಲು ಕರೆದರು. ಒಂದು ಭಾನುವಾರ ಇಂಥದ್ದೇ ಪತ್ರಗಳ ಒಂದು ಕಟ್ಟು ಓದಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪತ್ರವನ್ನು ಮೊದಲು ಓದುತ್ತಲೇ ಇರಲಿಲ್ಲ. ಅಂಕಪಟ್ಟಿ, ಆಮೇಲೆ ಹಾಜರಾತಿ, ಕೊನೆಗೆ ಪತ್ರ. ಸ್ವಲ್ಪ ಹೊತ್ತಿಗೆ ನಾನೂ ಹಾಗೇ ಮಾಡತೊಡಗಿದೆ. ಅಪ್ಪನಿಗೆ ಅಪಘಾತ, ಅಜ್ಜಿಗೆ ಪಾರ್ಶ್ವವಾಯು, ತಮ್ಮನಿಗೆ ಡೆಂಗಿ. ಯಾವುದೂ ಸುಳ್ಳು ಅನ್ನಿಸಲಿಲ್ಲ. ಆದರೆ ಜನವರಿಯ ಕಾಯಿಲೆಗೆ ಅಕ್ಟೋಬರಿನಿಂದ ಇಳಿದ ಹಾಜರಾತಿಯನ್ನು ಕಟ್ಟಿದ ಪತ್ರ ಬಂದಾಗ ಪೆನ್ನು ತಾನಾಗೇ ನಿಲ್ಲುತ್ತಿತ್ತು. ಕಾಯಿಲೆ ನಿಜ, ಉಳಿದ ಹಾಲು ಎಲ್ಲಿ? ಒಬ್ಬ ಹುಡುಗ ಮಾತ್ರ "ಅಜ್ಜಿ ತೀರಿಕೊಂಡ ಮೇಲೆ ಎರಡು ವಾರ ನಾನು ಸುಮ್ನೆ ಮನೆಯಲ್ಲಿದ್ದೆ, ಕಾರಣ ಹೇಳಲು ಗೊತ್ತಾಗುತ್ತಿಲ್ಲ" ಅಂತ ಬರೆದಿದ್ದ. ಅವನ ಪತ್ರದ ಮೇಲೆ ಯಾರೂ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ನನ್ನ ಪತ್ರಕ್ಕೆ ವಾಪಸ್ ಬರುತ್ತೇನೆ, ಒಂದು ವಿಷಯ ಬಾಕಿ ಇದೆ. ಶಿಡ್ಲಘಟ್ಟದಲ್ಲಿ ಟೈಪ್ ಮಾಡಿಸಿ ಪ್ರಿಂಟ್ ತಂದು, ಕವರಿಗೆ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಅವಳ ವಿಷಯ ಇದೆಯಲ್ಲ, ಅವಳಿಗೆ ಗೊತ್ತಿರಲಿ ಅಂತ. ಹುಳದ ಮನೆ ಬಾಗಿಲಲ್ಲಿ ಕೂತು, ತಲೆಗೆ ಟವಲ್ ಸುತ್ತಿಕೊಂಡು ಕೇಳಿದಳು. ಐದು ದಿನದ ಸಾಲು ಬಂದಾಗ ನನ್ನ ಗಂಟಲು ಕಟ್ಟಿತು, ಅವಳಿಗೆ ಅದು ಅವತ್ತೇ ಗೊತ್ತಾಗಿದ್ದು. ಅದಕ್ಕೆ ಏನೂ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು.

"ಸೊಪ್ಪು ಕೊಯ್ದಿದ್ದು ಎಷ್ಟು ದಿನ ಅಂತ ಬರ್ದಿದೀಯ?"

"ನಾಲ್ಕು."

"ಮೂರು ಕಣೆ. ಶುಕ್ರವಾರ ನಾನೇ ಕೊಯ್ದೆ. ನೀನು ಎದ್ದೇ ಇರ್ಲಿಲ್ಲ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ದ ಕಾಲ ಅದು. ಸ್ವಲ್ಪ ಸ್ವಲ್ಪವೇ ಕೊಯ್ದು ಸೀರೆ ಮಡಿಲಲ್ಲಿ ಹಾಕಿಕೊಂಡು ಬಂದೆ, ನಾಲ್ಕು ಸಲ ಓಡಾಡಿದೆ ಅಂದಳು. ನನಗೆ ನೆನಪಿರಲಿಲ್ಲ. ನೆನಪಿರಲು ನಾನು ಎದ್ದಿದ್ದರೆ ತಾನೇ.

ಮಾರನೇ ದಿನ ಮತ್ತೆ ಶಿಡ್ಲಘಟ್ಟಕ್ಕೆ ಹೋಗಿ 4 ಇದ್ದ ಕಡೆ 3, 5 ಇದ್ದ ಕಡೆ 6 ಮಾಡಿಸಿದೆ. ಜೆರಾಕ್ಸ್ ಅಂಗಡಿಯವನು ಎರಡೂ ಹಾಳೆ ಪಕ್ಕದಲ್ಲಿಟ್ಟು ನೋಡಿ, "ಇಷ್ಟಕ್ಕಾ ಮತ್ತೆ ಬಂದ್ರಿ?" ಅಂತ ಕೇಳಿ ಹತ್ತು ರೂಪಾಯಿ ತಗೊಂಡ.